ಸಂಬಳ ಒಂದು, ಸಾಲ ನಾಲ್ಕು: ಮೊದಲು ತೀರಿಸಬೇಕಾದ್ದು ಯಾವುದು?

"ಕೈಗೆ ಬರೋದು ಇಪ್ಪತ್ತೆಂಟು ಸಾವಿರ. ಕಾರ್ಡ್ ಬಾಕಿ ಇದೆ, ಬಂಗಾರ ಅಡ ಇದೆ, ಪರ್ಸನಲ್ ಲೋನ್ ಕಂತು ಹೋಗ್ತಾ ಇದೆ, ಜೊತೆಗೊಂದು ಕೈಸಾಲ. ತಿಂಗಳಿಗೆ ಮೂರು ಸಾವಿರ ಹೆಚ್ಚಿಗೆ ಕಟ್ಟಬಹುದು. ಯಾವುದಕ್ಕೆ ಕಟ್ಟಲಿ?" ಮೊತ್ತ ಅಷ್ಟಿಷ್ಟು ಬದಲಾದರೂ ಓದುಗರು ಮತ್ತೆ ಮತ್ತೆ ಕೇಳುವುದು ಇದೇ ಪ್ರಶ್ನೆ. ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಬರೆಯುವ ಬದಲು ಇಡೀ ಲೆಕ್ಕವನ್ನು ಇಲ್ಲಿ ಬಿಡಿಸಿ ಇಡುತ್ತಿದ್ದೇನೆ.

ಇದಕ್ಕೆ ಎರಡು ದಾರಿಗಳಿವೆ. ಬಡ್ಡಿ ಯಾವುದಕ್ಕೆ ಅತಿ ಹೆಚ್ಚೋ ಆ ಸಾಲಕ್ಕೆ ಹೆಚ್ಚುವರಿ ಹಣ ಹಾಕುವುದು ಅವಲಾಂಚ್ ವಿಧಾನ. ಬಡ್ಡಿ ಎಷ್ಟೇ ಇರಲಿ, ಬಾಕಿ ಯಾವುದಕ್ಕೆ ಅತಿ ಕಡಿಮೆಯೋ ಅದನ್ನು ಮೊದಲು ಮುಗಿಸುವುದು ಸ್ನೋಬಾಲ್ ವಿಧಾನ. ಯಾವ ದಾರಿ ಹಿಡಿದರೂ ಉಳಿದ ಸಾಲಗಳಿಗೆ ಕನಿಷ್ಠ ಕಂತು ತಪ್ಪಬಾರದು. ಒಂದು ಸಾಲ ಮುಗಿದ ಕೂಡಲೇ ಅದಕ್ಕೆ ಹೋಗುತ್ತಿದ್ದ ಅಷ್ಟೂ ಹಣ ಮುಂದಿನ ಸಾಲಕ್ಕೆ ಸೇರಬೇಕು. ಈ ಎರಡನೇ ಮಾತನ್ನು ಮರೆತರೆ ಎರಡೂ ವಿಧಾನ ಕೆಲಸ ಮಾಡುವುದಿಲ್ಲ.

ಬೇಕಾಗುವ ಕಾಗದಗಳು

ಕಾರ್ಡಿನ ಕೊನೆಯ ಸ್ಟೇಟ್‌ಮೆಂಟ್, ಪ್ರತಿ ಸಾಲದ ಇವತ್ತಿನ ಬಾಕಿ ಅಸಲು, ಅಡವಿಟ್ಟ ಚಿನ್ನದ ರಸೀದಿ ಮತ್ತು ಸಾಲದ ಒಪ್ಪಂದ ಪತ್ರ ಎದುರಿಗಿರಲಿ. 2024ರ ಅಕ್ಟೋಬರ್ 1ರ ನಂತರ ಬ್ಯಾಂಕಿನಿಂದಲೋ ಫೈನಾನ್ಸ್ ಕಂಪನಿಯಿಂದಲೋ ತೆಗೆದ ಸಾಲವಾದರೆ ಅದರ ಜೊತೆ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಎಂಬ ಚಿಕ್ಕ ಪತ್ರ ಕೊಟ್ಟಿರಬೇಕು, ಅದು ಆರ್‌ಬಿಐ ನಿಯಮ. ಅದರಲ್ಲಿ ಎಪಿಆರ್ ಎಂದು ಒಂದು ಸಂಖ್ಯೆ ಇರುತ್ತದೆ. ಬಡ್ಡಿಗೆ ಪ್ರೊಸೆಸಿಂಗ್ ಶುಲ್ಕದಂಥ ಖರ್ಚುಗಳನ್ನೂ ಸೇರಿಸಿ ಲೆಕ್ಕ ಹಾಕಿದ ವಾರ್ಷಿಕ ದರ ಅದು.

1. ಎಲ್ಲ ಸಾಲವನ್ನೂ ಒಂದೇ ಹಾಳೆಗೆ ತನ್ನಿ

ಪ್ರತಿ ಸಾಲಕ್ಕೂ ಬಾಕಿ ಅಸಲು, ಬಡ್ಡಿ ದರ, ತಿಂಗಳಿಗೆ ಕಟ್ಟಲೇಬೇಕಾದ ಮೊತ್ತ, ಕಟ್ಟುವ ತಾರೀಕು ಎಂದು ನಾಲ್ಕು ಕಾಲಂ ಮಾಡಿ. ಸಂಬಂಧಿಕರ ಕೈಸಾಲವನ್ನೂ ಅಂಗಡಿಯ ಉದ್ರಿಯನ್ನೂ ಬಿಡಬೇಡಿ. ಕೂಗಿ ಎತ್ತಿದ ಚೀಟಿಯ ಕಂತು ಇನ್ನೂ ನಡೆಯುತ್ತಿದ್ದರೆ ಅದೂ ಸಾಲವೇ. ಆದರೆ ಅದನ್ನು ಬೇಗ ತೀರಿಸಿ ಲಾಭ ಮಾಡಿಕೊಳ್ಳಲು ಹೆಚ್ಚೇನೂ ಅವಕಾಶವಿಲ್ಲದ ಕಾರಣ 'ಕಟ್ಟಲೇಬೇಕಾದ' ಕಾಲಂನಲ್ಲಿ ಬರೆದು ಮುಂದೆ ಹೋಗಿ.

ಸಂಘದ ಸಾಲ ಇರುವವರು ಇಲ್ಲಿ ಎಡವುವುದುಂಟು. ವಾರಕ್ಕೆ 500 ರೂಪಾಯಿ ಎಂದರೆ ತಿಂಗಳಿಗೆ 2,000 ಎಂದು ಬರೆದುಕೊಳ್ಳುತ್ತಾರೆ. ವರ್ಷಕ್ಕೆ 52 ವಾರ, ಹಾಗಾಗಿ ತಿಂಗಳ ಸರಾಸರಿ 2,167 ರೂಪಾಯಿ. ಐದು ವಾರ ಬೀಳುವ ತಿಂಗಳಲ್ಲಿ 2,500 ಬೇಕು. ಆ ತಿಂಗಳೇ ಬೇರೊಂದು ಕಂತು ತಪ್ಪುವುದು.

2. ಬಡ್ಡಿಯನ್ನು ಒಂದೇ ಅಳತೆಗೆ ತನ್ನಿ

ಒಂದೊಂದು ಕಡೆ ಬಡ್ಡಿ ಹೇಳುವ ರೀತಿ ಒಂದೊಂದು. ಕೈಸಾಲ ಕೊಟ್ಟವರು "ಎರಡು ರೂಪಾಯಿ ಬಡ್ಡಿ" ಎನ್ನುತ್ತಾರೆ. ಅದು ನೂರಕ್ಕೆ ತಿಂಗಳಿಗೆ ಎರಡು, ಅಂದರೆ ವರ್ಷಕ್ಕೆ ಶೇ 24. ಕಾರ್ಡಿನಲ್ಲಿ "ತಿಂಗಳಿಗೆ ಶೇ 3.5" ಎಂದಿರುತ್ತದೆ. ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿಯೂ ಬೀಳುವುದರಿಂದ ನಿಮಗೆ ತಗಲುವುದು ತಿಂಗಳಿಗೆ ಶೇ 4.13, ವರ್ಷಕ್ಕೆ ಶೇ 49ಕ್ಕೂ ಹೆಚ್ಚು.

ಎಲ್ಲಕ್ಕಿಂತ ಮೋಸಹೋಗುವುದು ಫ್ಲಾಟ್ ಬಡ್ಡಿಯಲ್ಲಿ. ನೀವು ಕಂತು ಕಟ್ಟುತ್ತ ಹೋದಂತೆ ಅಸಲು ಇಳಿಯುತ್ತದೆ, ಆದರೆ ಫ್ಲಾಟ್ ಲೆಕ್ಕದಲ್ಲಿ ಕೊನೆಯವರೆಗೂ ಮೊದಲ ದಿನದ ಮೊತ್ತದ ಮೇಲೆಯೇ ಬಡ್ಡಿ. 60,000 ರೂಪಾಯಿಯ ಬೈಕ್ ಸಾಲ, ಶೇ 12 ಫ್ಲಾಟ್, ಎರಡು ವರ್ಷ ಎಂದುಕೊಳ್ಳಿ. ಬಡ್ಡಿ 14,400, ತಿಂಗಳ ಕಂತು 3,100. ಇಳಿಯುವ ಬಾಕಿಯ ಮೇಲೆ ಲೆಕ್ಕ ಹಾಕಿದರೆ ಇದರ ನಿಜವಾದ ದರ ಶೇ 21ಕ್ಕಿಂತ ಮೇಲಿದೆ. ಫೋನಿನಲ್ಲಿರುವ ಯಾವುದೇ ಸ್ಪ್ರೆಡ್‌ಶೀಟ್‌ನಲ್ಲಿ ಇದನ್ನು ಹಾಕಿ ನೋಡಬಹುದು:

```
=RATE(24,-3100,60000)*12
```

ಮೊದಲನೆಯದು ಒಟ್ಟು ಕಂತುಗಳ ಸಂಖ್ಯೆ, ಎರಡನೆಯದು ಒಂದು ಕಂತಿನ ಮೊತ್ತ (ಅಂಕಿಗೆ ಮೊದಲು ಮೈನಸ್ ಇರಲೇಬೇಕು), ಮೂರನೆಯದು ಸಾಲ ತೆಗೆದಾಗ ನಿಮ್ಮ ಕೈಗೆ ನಿಜವಾಗಿ ಬಂದ ಹಣ. ಶುಲ್ಕ ಮುರಿದುಕೊಂಡು 58,000 ಮಾತ್ರ ಕೊಟ್ಟಿದ್ದರೆ 58,000 ಎಂದೇ ಹಾಕಿ. ಉತ್ತರ 0.21 ಎಂದು ಶುರುವಾದರೆ ಶೇ 21 ಎಂದು ಓದಿಕೊಳ್ಳಿ.

3. ತಿಂಗಳಿಗೆ ಎಷ್ಟು ಎಂದು ಗೊತ್ತುಮಾಡಿ

ಕಳೆದ ಮೂರು ತಿಂಗಳ ಬ್ಯಾಂಕ್ ಪಾಸ್‌ಬುಕ್ ನೋಡಿ ಮನೆಖರ್ಚು ಬರೆಯಿರಿ, ನೆನಪಿನಿಂದ ಬರೆಯಬೇಡಿ. ಸಂಬಳದಲ್ಲಿ ಅದನ್ನು ಕಳೆದು ಉಳಿದಿದ್ದು ಸಾಲದ ಹಣ. ಅದರಲ್ಲಿ ಎಲ್ಲ ಕನಿಷ್ಠ ಕಂತುಗಳನ್ನೂ ಕಳೆದು ಉಳಿದಿದ್ದು ಹೆಚ್ಚುವರಿ.

ಹೆಚ್ಚುವರಿ ಕಟ್ಟಲು ಶುರುಮಾಡುವ ಮೊದಲು ಎಂಟು ಹತ್ತು ಸಾವಿರವನ್ನು ಬೇರೆ ಖಾತೆಯಲ್ಲಿ ಇಡಿ. ಶೇ 49ರ ಸಾಲ ಇಟ್ಟುಕೊಂಡು ಉಳಿತಾಯ ಖಾತೆಯಲ್ಲಿ ಹಣ ಬಿಡುವುದು ನಷ್ಟ ಅನಿಸುತ್ತದೆ, ನಿಜ. ಆದರೆ ಮಗುವಿಗೆ ಜ್ವರ ಬಂದರೆ ಮತ್ತೆ ಅದೇ ಕಾರ್ಡ್ ಉಜ್ಜಬೇಕಾಗುತ್ತದೆ. ಸಂಬಳ ನಾಲ್ಕು ದಿನ ತಡವಾದರೂ ಕಂತು ಬೌನ್ಸ್ ಆಗಿ ಬ್ಯಾಂಕೂ ಸಾಲ ಕೊಟ್ಟ ಕಂಪನಿಯೂ ಎರಡು ಕಡೆ ದಂಡ ಹಾಕುತ್ತವೆ. ಈ ಹಣ ಅದನ್ನು ತಡೆಯಲಿಕ್ಕೆ.

4. ಸಾಲಿನಿಂದ ಹೊರಗಿಡಬೇಕಾದವು

ಕೆಲವು ಸಾಲಗಳಿಗೆ ಈ ಎರಡೂ ವಿಧಾನದ ಕ್ರಮ ಅನ್ವಯಿಸುವುದಿಲ್ಲ. ಕಂತು ಈಗಾಗಲೇ ಬಾಕಿ ಬಿದ್ದಿದ್ದರೆ, ಬಡ್ಡಿ ಎಷ್ಟೇ ಇರಲಿ, ಮೊದಲು ಅದನ್ನು ಸರಿಮಾಡಿ. ಅಡವಿಟ್ಟ ಚಿನ್ನದ ಬಡ್ಡಿ ಕಡಿಮೆ, ಹಾಗಾಗಿ ಅವಲಾಂಚ್ ಪಟ್ಟಿಯಲ್ಲಿ ಅದು ಕೊನೆಗೆ ಬರುತ್ತದೆ. ಆದರೆ ಅವಧಿ ಮುಗಿದು ಸುಮ್ಮನಿದ್ದರೆ ನೋಟಿಸ್ ಬಂದು ಒಡವೆ ಹರಾಜಾಗುತ್ತದೆ. ರಸೀದಿಯಲ್ಲಿರುವ ಕೊನೆಯ ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಒಂದು ತಿಂಗಳು ಮೊದಲೇ ಶಾಖೆಗೆ ಹೋಗಿ, ಬಡ್ಡಿ ಕಟ್ಟಿ ನವೀಕರಿಸಿಕೊಡುತ್ತಾರಾ ಎಂದು ಕೇಳಿ. ಕೊಡುವುದಿಲ್ಲ ಎಂದರೆ ಆ ಸಾಲವೇ ನಿಮ್ಮ ಪಟ್ಟಿಯಲ್ಲಿ ಮೇಲಕ್ಕೆ ಬರಬೇಕು.

ಇನ್ನೊಂದು, ಫೋರ್‌ಕ್ಲೋಷರ್ ಶುಲ್ಕ. ಅವಧಿಗೆ ಮೊದಲೇ ಸಾಲ ತೀರಿಸಿದ್ದಕ್ಕೆ ಹಾಕುವ ಶುಲ್ಕ ಅದು. ಪರ್ಸನಲ್ ಲೋನ್‌ಗಳಲ್ಲಿ ಹೆಚ್ಚಿನವು ಸ್ಥಿರ ಬಡ್ಡಿಯವು, ಅವಕ್ಕೆ ಈ ಶುಲ್ಕ ಇರಬಹುದು. ಅದರ ಮೇಲೆ ಜಿಎಸ್‌ಟಿಯೂ ಉಂಟು. ಕೆಲವರು ಭಾಗಶಃ ಕಟ್ಟಿದರೂ ಹಾಕುತ್ತಾರೆ. ಒಪ್ಪಂದದಲ್ಲಿ ಈ ಶುಲ್ಕದ ಷರತ್ತನ್ನು ಹುಡುಕಿ ಓದಿ, ಐದನೇ ಹಂತದ ಕೊನೆಗೆ ಇದು ಲೆಕ್ಕವನ್ನೇ ತಿರುಗಿಸುತ್ತದೆ.

ದಿನಕ್ಕೆ ಹತ್ತು ಸಲ ಫೋನ್ ಮಾಡುವವರಿಗೆ ಮೊದಲು ಕಟ್ಟುವುದು ಇನ್ನೊಂದು ಅಭ್ಯಾಸ. ಅದು ಅವಲಾಂಚೂ ಅಲ್ಲ, ಸ್ನೋಬಾಲೂ ಅಲ್ಲ, ಭಯ. ಬ್ಯಾಂಕು, ಫೈನಾನ್ಸ್ ಕಂಪನಿಗಳ ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಬಾಕಿ ವಸೂಲಿಗೆ ಫೋನ್ ಮಾಡಬಾರದೆಂದು ಆರ್‌ಬಿಐ 2022ರಲ್ಲೇ ಹೇಳಿದೆ. ಕಿರುಸಾಲದಲ್ಲಿ ಬಲವಂತದ ವಸೂಲಿ ತಡೆಯಲು ಕರ್ನಾಟಕದಲ್ಲಿ 2025ರಲ್ಲಿ ಪ್ರತ್ಯೇಕ ಕಾನೂನೂ ಬಂದಿದೆ. ಕಾಟ ಕೊಟ್ಟರೆ ಪೊಲೀಸ್ ಠಾಣೆಗೆ ಹೋಗಿ ದೂರು ಕೊಡಿ, ಅವರ ಕೂಗಾಟ ನೋಡಿ ಕಂತಿನ ಕ್ರಮ ಬದಲಿಸಬೇಡಿ.

5. ಎರಡೂ ಕ್ರಮದಲ್ಲಿ ಲೆಕ್ಕ ಹಾಕಿ ನೋಡಿ

ಉದಾಹರಣೆಗೆ ಹುಬ್ಬಳ್ಳಿಯ ಖಾಸಗಿ ಶಾಲೆಯ ಶಿಕ್ಷಕಿಯೊಬ್ಬರನ್ನು ಊಹಿಸಿಕೊಳ್ಳಿ. ಕೈಗೆ ಬರುವ ಸಂಬಳ 28,000. ಮನೆಖರ್ಚಿಗೆ 17,000 ಹೋಗಿ ಸಾಲಕ್ಕೆ 11,000 ಉಳಿಯುತ್ತದೆ. ಅವರ ಸಾಲಗಳು ಹೀಗಿವೆ:

- ಕೈಸಾಲ 20,000, ಎರಡು ರೂಪಾಯಿ ಬಡ್ಡಿ. ತಿಂಗಳಿಗೆ ಬಡ್ಡಿ 400 ಕೊಟ್ಟರೆ ಸಾಕು, ಅಸಲು ಯಾವಾಗ ಬೇಕಾದರೂ ಕೊಡಬಹುದು.
- ಕ್ರೆಡಿಟ್ ಕಾರ್ಡ್ 45,000, ಜಿಎಸ್‌ಟಿ ಸೇರಿ ತಿಂಗಳಿಗೆ ಶೇ 4.13. ಕನಿಷ್ಠ 2,300.
- ಚಿನ್ನದ ಸಾಲ 50,000, ವರ್ಷಕ್ಕೆ ಶೇ 12. ತಿಂಗಳ ಬಡ್ಡಿ 500.
- ಪರ್ಸನಲ್ ಲೋನ್ 90,000, ಶೇ 16. ಇಎಂಐ 4,400, ಇನ್ನೂ 24 ತಿಂಗಳು.

ಒಟ್ಟು 2,05,000. ಕನಿಷ್ಠ ಕಂತುಗಳು ಸೇರಿ 7,600, ಹೆಚ್ಚುವರಿ 3,400. ಲೆಕ್ಕ ಸರಳವಾಗಿರಲಿ ಎಂದು ಕಾರ್ಡಿನ ಕನಿಷ್ಠವನ್ನು 2,300ಕ್ಕೇ ನಿಲ್ಲಿಸಿದ್ದೇನೆ. ಅವರು ಕಾರ್ಡ್ ಬಳಸುವುದನ್ನು ಪೂರ್ತಿ ಬಿಟ್ಟಿದ್ದಾರೆ, ಚಿನ್ನದ ಸಾಲ ನವೀಕರಣವಾಗುತ್ತದೆ ಎಂದೂ ಇಟ್ಟುಕೊಳ್ಳೋಣ.

ಸ್ನೋಬಾಲ್ ಪ್ರಕಾರ ಹೋದರೆ ಹೆಚ್ಚುವರಿ 3,400 ಕೈಸಾಲಕ್ಕೆ. ಅದು ಆರನೇ ತಿಂಗಳಿಗೆ ಮುಗಿಯುತ್ತದೆ. ಅಲ್ಲಿಂದ ಕಾರ್ಡಿಗೆ ತಿಂಗಳಿಗೆ 6,100 ಹೋಗಿ ಹದಿನಾಲ್ಕನೇ ತಿಂಗಳಿಗೆ ಮುಗಿಯುತ್ತದೆ. ಚಿನ್ನ ಇಪ್ಪತ್ತೆರಡನೇ ತಿಂಗಳಿಗೆ ಬಿಡಿಸಿ, ಇಪ್ಪತ್ಮೂರನೇ ತಿಂಗಳಿಗೆ ಪರ್ಸನಲ್ ಲೋನ್ ಸಹಿತ ಎಲ್ಲ ತೀರುತ್ತದೆ. ಒಟ್ಟು ಬಡ್ಡಿ ಸುಮಾರು 45,000.

ಅವಲಾಂಚ್ ಪ್ರಕಾರ ಮೊದಲು ಕಾರ್ಡಿಗೆ ತಿಂಗಳಿಗೆ 5,700. ಅದು ಹತ್ತನೇ ತಿಂಗಳಿಗೆ ಮುಗಿಯುತ್ತದೆ. ಕೈಸಾಲ ಹದಿನಾಲ್ಕಕ್ಕೆ, ಪರ್ಸನಲ್ ಲೋನ್ ಹದಿನೆಂಟಕ್ಕೆ, ಚಿನ್ನ ಇಪ್ಪತ್ಮೂರಕ್ಕೆ. ಒಟ್ಟು ಬಡ್ಡಿ ಸುಮಾರು 39,400.

ಎರಡೂ ಮುಗಿಯುವುದು ಅದೇ ಇಪ್ಪತ್ಮೂರನೇ ತಿಂಗಳಿಗೆ! ವ್ಯತ್ಯಾಸ ಇರುವುದು 5,600 ರೂಪಾಯಿ ಬಡ್ಡಿಯಲ್ಲಿ. ಈ ಸಂಬಳಕ್ಕೆ ಅದು ಸಣ್ಣ ಹಣವಲ್ಲ, ಹಾಗಂತ ಬದುಕು ಬದಲಿಸುವಷ್ಟು ದೊಡ್ಡದೂ ಅಲ್ಲ. ಆ ವ್ಯತ್ಯಾಸ ಹುಟ್ಟುವುದು ಮುಖ್ಯವಾಗಿ ಕಾರ್ಡಿನಲ್ಲಿ. 2,300 ಕನಿಷ್ಠ ಕಟ್ಟಿದಾಗ ಮೊದಲ ತಿಂಗಳು 1,858 ಬಡ್ಡಿಗೇ ಹೋಗುತ್ತದೆ, ಅಸಲಿನಿಂದ ಇಳಿಯುವುದು ಬರೀ 442. ಸ್ನೋಬಾಲ್‌ನಲ್ಲಿ ಐದು ತಿಂಗಳು ಪೂರ್ತಿ ಇದೇ ಗತಿ: 11,500 ಕಟ್ಟಿದ ಮೇಲೂ ಕಾರ್ಡಿನ ಬಾಕಿ 42,600.

ಈಗ ನಾಲ್ಕನೇ ಹಂತದಲ್ಲಿ ಹೇಳಿದ ಶುಲ್ಕಕ್ಕೆ ಬನ್ನಿ. ಅವಲಾಂಚ್ ನಿಯಮವನ್ನು ಅಕ್ಷರಶಃ ಪಾಲಿಸಿದರೆ ಕೈಸಾಲದ ನಂತರ ಶೇ 16ರ ಪರ್ಸನಲ್ ಲೋನ್, ಆಮೇಲೆ ಶೇ 12ರ ಚಿನ್ನ. ಆದರೆ ಪರ್ಸನಲ್ ಲೋನನ್ನು ಅದರ ಪಾಡಿಗೆ ಇಎಂಐನಲ್ಲಿ ಬಿಟ್ಟು ಹೆಚ್ಚುವರಿ ಹಣವನ್ನು ಚಿನ್ನಕ್ಕೆ ಹಾಕಿದರೆ, ಒಟ್ಟು ಬಡ್ಡಿ ಹೆಚ್ಚಾಗುವುದು ಸುಮಾರು 600 ರೂಪಾಯಿ ಮಾತ್ರ. ಫೋರ್‌ಕ್ಲೋಷರ್ ಶುಲ್ಕ ಇದಕ್ಕಿಂತ ಜಾಸ್ತಿಯಾದರೆ ಚಿನ್ನಕ್ಕೆ ಹಾಕಿದ್ದೇ ಲಾಭ. ಮೇಲಾಗಿ ಒಡವೆ ಇಪ್ಪತ್ತೆರಡನೇ ತಿಂಗಳಿಗೇ ಮನೆಗೆ ಬರುತ್ತದೆ, ಹರಾಜಿನ ಹೆದರಿಕೆ ಇರುವುದಿಲ್ಲ. ನಾನಾದರೆ ಈ ಶಿಕ್ಷಕಿಗೆ ಹೇಳುವ ಕ್ರಮ ಇದೇ: ಕಾರ್ಡ್, ಕೈಸಾಲ, ಚಿನ್ನ. ಪರ್ಸನಲ್ ಲೋನ್ ತಾನಾಗಿ ಮುಗಿಯಲಿ.

6. ನಿಮಗೆ ಯಾವುದು ಎಂದು ತೀರ್ಮಾನಿಸುವುದು

ಬಡ್ಡಿ ದರಗಳ ನಡುವಿನ ಅಂತರವನ್ನು ನೋಡಿ. ಒಂದು ಸಾಲ ಶೇ 49, ಉಳಿದವು ಶೇ 12ರಿಂದ 24 ಎಂದಾಗ ಆ ಒಂದಕ್ಕೆ ಮೊದಲ ಸ್ಥಾನ, ಅದರಲ್ಲಿ ಚರ್ಚೆಯೇ ಬೇಡ. ಎಲ್ಲವೂ ಶೇ 12ರಿಂದ 18ರ ಒಳಗೇ ಇದ್ದರೆ ಕ್ರಮ ಬದಲಿಸಿದ್ದರಿಂದ ಬಡ್ಡಿಯಲ್ಲಿ ಅಂಥ ಬದಲಾವಣೆ ಆಗುವುದಿಲ್ಲ, ಆಗ ಚಿಕ್ಕದನ್ನು ಮೊದಲು ಮುಗಿಸಬಹುದು.

ಕಡಿಮೆ ಸಂಬಳದವರಿಗೆ ಸ್ನೋಬಾಲ್‌ನಿಂದ ನಿಜವಾದ ಉಪಯೋಗ ಇನ್ನೊಂದಿದೆ. ಅದನ್ನು ತಿಳಿಯಲು ಪ್ರತಿ ಸಾಲದ ಬಾಕಿಯನ್ನು ಅದರ ತಿಂಗಳ ಕಂತಿನಿಂದ ಭಾಗಿಸಿ. ಫೋನ್ ಸಾಲದ ಬಾಕಿ 6,000, ಕಂತು 2,000 ಎಂದಿದ್ದರೆ ಉತ್ತರ 3. ಆರು ಸಾವಿರ ಹಾಕಿ ಮುಗಿಸಿದರೆ ತಿಂಗಳಿಗೆ ಎರಡು ಸಾವಿರ ಬಿಡುಗಡೆ. ಮೇಲಿನ ಕೈಸಾಲದ ಉತ್ತರ 50. ಇಪ್ಪತ್ತು ಸಾವಿರ ಹಾಕಿದರೂ ಬಿಡುಗಡೆಯಾಗುವುದು 400 ಮಾತ್ರ. ಹಾಗಾಗಿ 'ಚಿಕ್ಕ ಸಾಲ' ಎಂದು ಬಾಕಿ ಮೊತ್ತ ಒಂದನ್ನೇ ನೋಡಿ ತೀರ್ಮಾನಿಸಬೇಡಿ. ಸಂಬಳ ಪದೇ ಪದೇ ತಡವಾಗುವವರು, ಕಂತಿನ ದಿನ ಖಾತೆ ಬರಿದಾಗುವವರು ಉತ್ತರ 5ಕ್ಕಿಂತ ಕಡಿಮೆ ಇರುವ ಸಾಲವನ್ನು ಮೊದಲು ಮುಗಿಸಿ, ಆಮೇಲೆ ಬಡ್ಡಿಯ ಕ್ರಮಕ್ಕೆ ಬರಲಿ ಎನ್ನುವುದು ನನ್ನ ಅಭಿಪ್ರಾಯ. ಒಂದು ಬೌನ್ಸ್ ತಪ್ಪಿದರೂ ಅದರ ಬೆಲೆ ಬಂದಂತೆ.

ಸ್ನೋಬಾಲ್ ಹಿಡಿದವರಿಗೆ ಮೊದಲ ಸಾಲ ಆರನೇ ತಿಂಗಳಿಗೇ ತೀರಿದ ಸಮಾಧಾನ ಇರುತ್ತದೆ. ಅವಲಾಂಚ್‌ನಲ್ಲಿ ಹತ್ತು ತಿಂಗಳು ಕಾಯಬೇಕು. ಹಿಂದೆ ಹೀಗೆ ಶುರುಮಾಡಿ ನಡುವೆ ಕೈಬಿಟ್ಟವರಾಗಿದ್ದರೆ 5,600 ಹೆಚ್ಚು ಹೋದರೂ ಸ್ನೋಬಾಲ್ ಹಿಡಿಯಿರಿ. ಆದರೆ ಕಾರ್ಡಿನ ಬಡ್ಡಿಯನ್ನಾದರೂ ಇಳಿಸಿ: ಬಾಕಿಯನ್ನು ಇಎಂಐಗೆ ಪರಿವರ್ತಿಸಿ ಕೊಡುತ್ತೀರಾ ಎಂದು ಬ್ಯಾಂಕಿಗೆ ಕೇಳಿ, ಅದರ ದರವನ್ನೂ ಪ್ರೊಸೆಸಿಂಗ್ ಶುಲ್ಕವನ್ನೂ ಸೇರಿಸಿ ಎರಡನೇ ಹಂತದ ಲೆಕ್ಕ ಹಾಕಿ. ಅಗ್ಗ ಬಿದ್ದರೆ ಒಪ್ಪಿಕೊಳ್ಳಿ. ಆಮೇಲೆ ಪಟ್ಟಿಯ ಕ್ರಮವನ್ನು ಹೊಸದಾಗಿ ಬರೆಯಬೇಕಾಗುತ್ತದೆ.

7. ಪ್ರತಿ ತಿಂಗಳು ಕಟ್ಟುವಾಗ

ಸಂಬಳ ಬಂದ ಮರುದಿನವೇ ಹೆಚ್ಚುವರಿ ಹಣ ಹೋಗಿಬಿಡಲಿ. ತಿಂಗಳ ಕೊನೆಗೆ ಉಳಿದರೆ ಕಟ್ಟುತ್ತೇನೆ ಎಂದರೆ ಉಳಿಯುವುದಿಲ್ಲ.

ಕಾರ್ಡಿಗೆ ಕಟ್ಟುವಾಗ ಡ್ಯೂ ಡೇಟ್‌ವರೆಗೆ ಕಾಯಬೇಡಿ. ಬಾಕಿ ಇರುವವರೆಗೆ ಬಡ್ಡಿ ದಿನದ ಲೆಕ್ಕದಲ್ಲಿ ಏರುತ್ತದೆ, ಹತ್ತು ದಿನ ಮೊದಲು ಕಟ್ಟಿದರೆ ಹತ್ತು ದಿನದ ಬಡ್ಡಿ ಉಳಿತಾಯ. ಪೂರ್ತಿ ಕಟ್ಟದೆ ಉಳಿಸಿಕೊಂಡಿರುವಾಗ ಹೊಸ ಖರೀದಿಗೆ ಬಡ್ಡಿರಹಿತ ಅವಧಿಯೂ ಸಿಗುವುದಿಲ್ಲ. ಐನೂರು ರೂಪಾಯಿಯ ಪೆಟ್ರೋಲಿಗೂ ಆ ದಿನದಿಂದಲೇ ಬಡ್ಡಿ. ಹಾಗಾಗಿ ಕಾರ್ಡನ್ನು ಮನೆಯಲ್ಲಿಡಿ, ಶಾಪಿಂಗ್ ಆ್ಯಪ್‌ಗಳಲ್ಲಿ ಉಳಿಸಿರುವ ಕಾರ್ಡ್ ವಿವರವನ್ನೂ ಅಳಿಸಿ.

ಇಎಂಐ ಇರುವ ಸಾಲಕ್ಕೆ ಹೆಚ್ಚು ಹಣ ಹಾಕಿದರೆ ಅದು ತಾನಾಗಿ ಅಸಲಿಗೆ ಹೋಗುತ್ತದೆ ಎಂದುಕೊಳ್ಳಬೇಡಿ. ಮುಂಗಡ ಕಂತೆಂದು ಹಾಗೇ ಬಿದ್ದಿರಬಹುದು. ಶಾಖೆಗೋ ಆ್ಯಪ್‌ನಲ್ಲೋ 'ಪಾರ್ಟ್ ಪೇಮೆಂಟ್' ಎಂದು ಬರೆದು ಕೊಟ್ಟು, ಇಎಂಐ ಇಳಿಸದೆ ಅವಧಿಯನ್ನು ಕಡಿಮೆ ಮಾಡಿ ಎಂದು ಕೇಳಿ. ಮುಂದಿನ ತಿಂಗಳ ಸ್ಟೇಟ್‌ಮೆಂಟ್‌ನಲ್ಲಿ ಅಸಲು ಇಳಿದಿದೆಯೇ ನೋಡಿದರೆ ಗೊತ್ತಾಗುತ್ತದೆ.

ಕೈಸಾಲದ ಅಸಲು ಕೊಡುವಾಗ ಯುಪಿಐನಲ್ಲೇ ಕಳಿಸಿ, 'ಅಸಲು' ಎಂದು ಷರಾ ಬರೆಯಿರಿ. ಇಪ್ಪತ್ತರಲ್ಲಿ ಐದು ಸಾವಿರ ಕೊಟ್ಟ ಮೇಲೂ 400 ಬಡ್ಡಿಯನ್ನೇ ಕೇಳುವವರಿದ್ದಾರೆ. 15,000ಕ್ಕೆ ಬಡ್ಡಿ 300. ಅದನ್ನು ಮೊದಲೇ ಮಾತಾಡಿಕೊಳ್ಳಿ.

8. ಒಂದು ಸಾಲ ಮುಗಿದಾಗ

ಕಾರ್ಡಿನ ಬಾಕಿ ಪೂರ್ತಿ ಕಟ್ಟಿದ ಮುಂದಿನ ತಿಂಗಳೂ ಒಂದಿಷ್ಟು ಬಡ್ಡಿ ಬಂದಿರುತ್ತದೆ. ಸ್ಟೇಟ್‌ಮೆಂಟ್ ತಯಾರಾದ ದಿನದಿಂದ ನೀವು ಕಟ್ಟಿದ ದಿನದವರೆಗಿನ ಬಡ್ಡಿ ಅದು. ಮುಗಿಯಿತೆಂದು ನೋಡದೆ ಬಿಟ್ಟರೆ ಅದಕ್ಕೆ ತಡ ಶುಲ್ಕ ಸೇರುತ್ತದೆ. ಎರಡು ಸ್ಟೇಟ್‌ಮೆಂಟ್ ಸೊನ್ನೆ ಬಂದ ಮೇಲೆ ಬೇಕಿದ್ದರೆ ಕಾರ್ಡ್ ಮುಚ್ಚಲು ಬರೆದು ಕೊಡಿ. ಬಾಕಿ ಇಲ್ಲದಿದ್ದರೆ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ನಿಮಗೆ ಕೊಡಬೇಕೆಂದು ಆರ್‌ಬಿಐ ನಿಯಮವಿದೆ.

"ಇಷ್ಟು ಕೊಡಿ, ಸೆಟಲ್ ಮಾಡುತ್ತೇವೆ" ಎಂದು ಕಡಿಮೆ ಮೊತ್ತಕ್ಕೆ ಕರೆ ಬಂದರೆ ಅವಸರ ಬೇಡ. ಹಾಗೆ ತೀರಿಸಿದ ಸಾಲ ಕ್ರೆಡಿಟ್ ವರದಿಯಲ್ಲಿ 'ಕ್ಲೋಸ್ಡ್' ಎಂದು ಬಾರದೆ 'ಸೆಟಲ್ಡ್' ಎಂದು ಬರುತ್ತದೆ, ಮುಂದೆ ಸಾಲ ಕೇಳಿದಾಗ ಅದು ಅಡ್ಡ ಬರುತ್ತದೆ. ಕಂತು ಕಟ್ಟುವ ಶಕ್ತಿ ಇರುವವರಿಗೆ ಆ ದಾರಿ ಬೇಡ.

ಪ್ರತಿ ಸಾಲ ಮುಗಿದಾಗಲೂ ನೋ ಡ್ಯೂಸ್ ಪತ್ರ, ಅಂದರೆ ಬಾಕಿ ಇಲ್ಲವೆಂಬ ಪತ್ರ, ಕೇಳಿ ಪಡೆಯಿರಿ. ಕೈಸಾಲಕ್ಕೆ ಕೊಟ್ಟಿದ್ದ ಪ್ರೋನೋಟು, ಸಹಿ ಹಾಕಿದ ಖಾಲಿ ಚೆಕ್ಕು ವಾಪಸ್ ತೆಗೆದುಕೊಳ್ಳಿ. ಖಾತೆಯಿಂದ ಕಂತು ಕತ್ತರಿಸುವ ಆಟೊ ಡೆಬಿಟ್ ರದ್ದಾಗಿದೆಯೇ ನೋಡಿ. ಸಿಬಿಲ್‌ನಂಥ ಪ್ರತಿ ಕ್ರೆಡಿಟ್ ಮಾಹಿತಿ ಸಂಸ್ಥೆಯೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ಸಾಲ ತೀರಿ ಒಂದೆರಡು ತಿಂಗಳಾದ ಮೇಲೆ ಅದನ್ನು ತೆಗೆದು, ಬಾಕಿ ಸೊನ್ನೆ ಎಂದು ಬಂದಿದೆಯೇ ಪರೀಕ್ಷಿಸಿ. ಬಂದಿಲ್ಲದಿದ್ದರೆ ನೋ ಡ್ಯೂಸ್ ಪತ್ರದ ಪ್ರತಿ ಲಗತ್ತಿಸಿ ಆ ಸಂಸ್ಥೆಗೂ ಸಾಲ ಕೊಟ್ಟವರಿಗೂ ತಿದ್ದುಪಡಿಗೆ ಅರ್ಜಿ ಹಾಕಿ.